ರಜೆಗೆ ಹೋಗುವ ಮುನ್ನ ಬದಲಿ ಡಾಕ್ಟರಿಗೆ ಬರೆದಿಡುವ ಚೀಟಿ

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಕ್ಲಿನಿಕ್. ಒಬ್ಬನೇ ಡಾಕ್ಟರ್, ಒಬ್ಬ ಸಿಸ್ಟರ್, ಎರಡು ಕಬ್ಬಿಣದ ಬೀರು ತುಂಬ ಔಷಧಿ. ಕೆಲವು ವರ್ಷದ ಹಿಂದೆ ಅಣ್ಣನ ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕಿದ್ದೆ. ಬದಲಿಗೆ ಬಂದ ಡಾಕ್ಟರಿಗೆ ಒಂದು ಹಾಳೆ ಬರೆದಿಟ್ಟು ಹೋದೆ. ಅದರಲ್ಲಿ ಒಬ್ಬ ಹೆಂಗಸಿನ ಬಗ್ಗೆ ಇದ್ದದ್ದು ಎರಡೇ ಪದ: ‘ವಾರ್ಫರಿನ್ ಮುಂದುವರಿಸಿ.’

ಆಕೆಗೆ ಹೃದಯದಲ್ಲಿ ಲೋಹದ ಕವಾಟ ಹಾಕಿದೆ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ದಿನಾ ಬೇಕು. ನಾನು ಹೋದ ಮೂರನೇ ದಿನ ಆಕೆ ಭೇದಿ ಅಂತ ಬಂದರು. ಬದಲಿ ಡಾಕ್ಟರ್ ಮೆಟ್ರೊನಿಡಜೋಲ್ ಕೊಟ್ಟರು. ವಾರ್ಫರಿನ್ ಕೂಡ ಮುಂದುವರಿಸಿದರು, ನಾನು ಬರೆದ ಹಾಗೇ. ಆರನೇ ದಿನಕ್ಕೆ ಆಕೆಯ ವಸಡಿನಲ್ಲಿ ರಕ್ತ ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆಯಲ್ಲಿ 6.8 ಬಂತು, 3.5ರೊಳಗೆ ಇರಬೇಕಾದದ್ದು. ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಉಳಿದುಕೊಂಡರು. ತಪ್ಪು ಬದಲಿ ಡಾಕ್ಟರದ್ದಲ್ಲ, ನನ್ನ ಚೀಟಿಯದು. ಆಕೆಗೆ ಏನು ಕೊಡಬೇಕು ಅಂತ ಬರೆದಿದ್ದೆ, ಏನು ಕೊಡಬಾರದು ಅಂತ ಬರೆದಿರಲಿಲ್ಲ. ಕೆಡುತ್ತಿದ್ದರೆ ಹೇಗೆ ಗೊತ್ತಾಗುತ್ತದೆ ಅನ್ನುವುದೂ ಇರಲಿಲ್ಲ.

ಅಲ್ಲಿಂದ ಈಚೆಗೆ ನಾನು ಚೀಟಿ ಬರೆಯುವ ಕ್ರಮವನ್ನೇ ಬದಲಿಸಿದೆ. ನನ್ನ ಹಾಗೆ ಒಬ್ಬರೇ ಕ್ಲಿನಿಕ್ ನಡೆಸುವವರಿಗೆ ಉಪಯೋಗ ಆಗಬಹುದು ಅಂತ ಅದನ್ನು ಇಲ್ಲಿ ಹೇಳುತ್ತಿದ್ದೇನೆ. ಉದಾಹರಣೆಗೆ ಜೂನ್ 17ರಿಂದ ಜುಲೈ 7ರವರೆಗೆ, ಮೂರು ವಾರದ ರಜೆ ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆ ಅದು ಮಳೆ ಹಿಡಿದುಕೊಳ್ಳುವ ಕಾಲ. ಕರೆಂಟ್ ಹೋಗುತ್ತದೆ, ಫೋನ್ ಸಿಗುವುದಿಲ್ಲ, ದಾರಿಗೆ ಮರ ಬೀಳುತ್ತದೆ. ಚೀಟಿ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಬರೆಯಬೇಕು.

ಹತ್ತು ದಿನ ಮೊದಲು: ಫೈಲ್ ಆರಿಸುವುದು

ರಜೆಯ ಹಿಂದಿನ ರಾತ್ರಿ ಕೂತು ಬರೆದರೆ ನೆನಪಿಗೆ ಬಂದವರ ಹೆಸರು ಮಾತ್ರ ಬರುತ್ತದೆ. ನೆನಪಿಗೆ ಬರುವವರು ಪದೇಪದೇ ಬರುವವರು. ಅವರಿಗೆ ಅಷ್ಟು ತೊಂದರೆ ಆಗುವುದಿಲ್ಲ. ಹಾಗಾಗಿ ಹತ್ತು ದಿನ ಮೊದಲೇ ಬಿಪಿ, ಶುಗರ್, ಹೃದಯ, ಮೂರ್ಛೆ, ದಮ್ಮು ಇರುವವರ ಫೈಲ್ ಎಲ್ಲವನ್ನೂ ಕೆಳಗಿಳಿಸಿ. ಒಂದೊಂದು ಫೈಲ್ ಕೈಗೆ ತೆಗೆದುಕೊಂಡಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮೂರು ವಾರದಲ್ಲಿ, ನಾನಿಲ್ಲದೆ, ಇವರಿಗೆ ಏನು ಕೆಡಬಹುದು?

ಸುಮಾರು ಜನಕ್ಕೆ ಉತ್ತರ ‘ಏನೂ ಇಲ್ಲ’. ಬಿಪಿ ಹಿಡಿತದಲ್ಲಿದೆ, ಮಾತ್ರೆ ಮುಗಿದಾಗ ಬಂದು ಒಯ್ಯುತ್ತಾರೆ. ಇವರನ್ನು ಚೀಟಿಯಲ್ಲಿ ಬರೆಯುವುದೇ ಬೇಡ. ಫೈಲಿನ ಮೊದಲ ಪುಟದಲ್ಲಿ ಈಗಿನ ಮಾತ್ರೆ, ಡೋಸು, ಕೊನೆಯ ಬಿಪಿ ಇಷ್ಟು ಸರಿಯಾಗಿ ಇದೆಯಾ ನೋಡಿ ಮತ್ತೆ ಮೇಲಿಡಿ. ನನ್ನ ಹತ್ತಿರ ಇನ್ನೂರಕ್ಕೂ ಜಾಸ್ತಿ ಇಂಥ ಫೈಲ್ ಇವೆ. ಚೀಟಿಗೆ ಬರುವುದು ಹನ್ನೆರಡೋ ಹದಿನಾಲ್ಕೋ. ನಲವತ್ತು ಜನರ ಪಟ್ಟಿ ಕೊಟ್ಟರೆ ಬದಲಿಗೆ ಬಂದವರು ಓದುವುದಿಲ್ಲ. ಓದಿದರೂ ಯಾರ ಮೇಲೆ ಕಣ್ಣಿಡಬೇಕು ಅಂತ ತಿಳಿಯುವುದಿಲ್ಲ.

ಉಳಿದವರಲ್ಲಿ ಎರಡು ಥರ ಇದ್ದಾರೆ. ಕೆಲವರ ಔಷಧಿಯನ್ನು ಹೊಸಬರು ಮುಟ್ಟಿದರೆ ಅಥವಾ ಅದಕ್ಕೆ ಇನ್ನೊಂದನ್ನು ಸೇರಿಸಿದರೆ ಅಪಾಯ. ಇನ್ನು ಕೆಲವರು ತಾವಾಗಿ ಬರುವವರೇ ಅಲ್ಲ. ಕಾಲು ಬಾತು ಬೂದುಗುಂಬಳದ ಹಾಗಾದ ಮೇಲೆ ಮೊಮ್ಮಗ ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾನೆ. ‘ಹೊಸ ಡಾಕ್ಟರ್ ಬಂದಿದಾರಂತೆ, ನಮ್ಮ ಡಾಕ್ಟರ್ ಬಂದ ಮೇಲೆ ಹೋದ್ರಾಯ್ತು’ ಅನ್ನುವವರೂ ಇವರೇ. ಈ ಎರಡನೇ ಥರದವರ ಹೆಸರಿನ ಮುಂದೆ, ಅವರ ಮನೆಗೆ ಯಾರ ಮೂಲಕ ಹೇಳಿಕಳಿಸಬೇಕು ಅನ್ನುವುದನ್ನು ಬರೆಯಿರಿ. ಆ ಕೇರಿಯ ಆಶಾ ಕಾರ್ಯಕರ್ತೆ, ಪಕ್ಕದ ಮನೆಯವರು, ಹಾಲಿನ ಡೈರಿಗೆ ಬರುವ ಮಗ, ಯಾರಾದರೂ ಸರಿ. ಹೃದಯ ಸೋತು ಫ್ಯೂರೊಸೆಮೈಡ್ ತೆಗೆದುಕೊಳ್ಳುವ ಒಬ್ಬ ಅಜ್ಜನ ಮುಂದೆ ನಾನು ಬರೆಯುವುದು ಹೀಗೆ: ‘ವಾರಕ್ಕೊಮ್ಮೆ ತೂಕ ನೋಡಿಸಬೇಕು. ಈಗ 54 ಕೆ.ಜಿ. ವಾರದಲ್ಲಿ ಎರಡು ಕೆ.ಜಿ. ಏರಿದರೆ ಅಥವಾ ರಾತ್ರಿ ದಿಂಬು ಜಾಸ್ತಿ ಇಟ್ಟುಕೊಳ್ಳುತ್ತಿದ್ದರೆ ನೀವೇ ಕರೆಸಿ, ಅವರು ಬರುವುದಿಲ್ಲ.’

ಚೀಟಿಯಲ್ಲಿ ಹೆಸರಿನ ಬದಲು ಫೈಲ್ ನಂಬರ್ ಹಾಕಿ. ಹಳ್ಳಿಯಲ್ಲಿ ಮೇಜಿನ ಮೇಲಿದ್ದ ಹಾಳೆಯನ್ನು ಯಾರು ಬೇಕಾದರೂ ಓದುತ್ತಾರೆ. ಯಾರಿಗೆ ಮೂರ್ಛೆ ಇದೆ ಅನ್ನುವುದು ಸಂಜೆಯೊಳಗೆ ಊರಿಗೇ ಗೊತ್ತಾದರೆ ಒಂದು ಮದುವೆಯೇ ನಿಲ್ಲಬಹುದು.

ಒಬ್ಬ ರೋಗಿಯ ಬಗ್ಗೆ ಪೂರ್ತಿ ಬರೆಯುವುದು

ಈಗ ಅದೇ ವಾರ್ಫರಿನ್ ತಾಯಿಯನ್ನೇ ತೆಗೆದುಕೊಳ್ಳೋಣ. ಅವರ ಬಗ್ಗೆ ಈಗ ನಾನು ಅರ್ಧ ಪುಟ ಬರೆಯುತ್ತೇನೆ. ಅದು ಹೀಗೆ ಶುರುವಾಗುತ್ತದೆ:

‘ಫೈಲ್ 214. ಹೆಂಗಸು, 46 ವರ್ಷ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಮೈಟ್ರಲ್ ಕವಾಟ ಹಾಳಾಗಿ, ಲೋಹದ ಕವಾಟ ಹಾಕಿದೆ. ವಾರ್ಫರಿನ್ ಸೋಮ, ಬುಧ, ಶುಕ್ರ 4 ಮಿ.ಗ್ರಾಂ., ಉಳಿದ ನಾಲ್ಕು ದಿನ 3 ಮಿ.ಗ್ರಾಂ. ವಾರಕ್ಕೆ ಒಟ್ಟು 24. ರಾತ್ರಿ ಊಟವಾದ ಮೇಲೆ. ಮನೆಯಲ್ಲಿ ಇರುವುದು 3ರ ಮಾತ್ರೆ ಮತ್ತು 1ರ ಮಾತ್ರೆ. 5ರ ಮಾತ್ರೆ ಕೊಡಬೇಡಿ, ಓದಲು ಬಾರದು, ಬಣ್ಣ ನೋಡಿ ನುಂಗುತ್ತಾರೆ. ಇರಬೇಕಾದ ಐಎನ್‌ಆರ್ 2.5ರಿಂದ 3.5. ಕೊನೆಯ ಮೂರು: ಏಪ್ರಿಲ್ 8ಕ್ಕೆ 2.8, ಮೇ 6ಕ್ಕೆ 3.1, ಜೂನ್ 3ಕ್ಕೆ 2.7. ಮುಂದಿನದು ಜುಲೈ 1ಕ್ಕೆ.’

ವಾರದ ಒಟ್ಟು ಲೆಕ್ಕ ಬರೆಯುವುದಕ್ಕೆ ಕಾರಣ ಇದೆ. ವಾರ್ಫರಿನ್ ಡೋಸು ಬದಲಿಸುವುದು ವಾರದ ಮೊತ್ತ ನೋಡಿ, ದಿನದ್ದಲ್ಲ. ಮಾತ್ರೆಯ ಅಳತೆ ಬರೆಯುವುದು, ‘4 ಮಿ.ಗ್ರಾಂ.’ ಅಂದದ್ದನ್ನು ಮನೆಯಲ್ಲಿ ‘ನಾಲ್ಕು ಮಾತ್ರೆ’ ಅಂತ ತಿಳಿದುಕೊಳ್ಳಬಾರದು ಅಂತ. ಹಳೆಯ ಮೂರು ಐಎನ್‌ಆರ್ ನೋಡಿದರೆ ಈ ರೋಗಿ ಸಾಮಾನ್ಯವಾಗಿ ಸ್ಥಿರವಾಗಿ ಇರುವವರು ಅಂತ ಹೊಸಬರಿಗೆ ಗೊತ್ತಾಗುತ್ತದೆ. ಆಗ ಒಮ್ಮೆಲೇ 4.8 ಬಂದರೆ ಸುಮ್ನೆ ಡೋಸು ಇಳಿಸಿ ಕಳಿಸದೆ, ಯಾಕೆ ಬಂತು ಅಂತ ಹುಡುಕುತ್ತಾರೆ.

ಆಮೇಲೆ ಬರೆಯುವುದು, ಬೇರೆ ಕಾಯಿಲೆಗೆ ಬಂದಾಗ ಏನು ಮಾಡಬೇಕು ಅನ್ನುವುದನ್ನು. ಈ ಭಾಗವೇ ಆವತ್ತು ನನ್ನ ಚೀಟಿಯಲ್ಲಿ ಇರಲಿಲ್ಲ. ಕಾಯಂ ರೋಗಿಗಳು ಕೆಡುವುದು ಹೆಚ್ಚಾಗಿ ಹಳೆಯ ಕಾಯಿಲೆಯಿಂದಲ್ಲ. ನೆಗಡಿ, ಭೇದಿ, ಮಂಡಿನೋವಿಗೆ ಅಂತ ಬಂದಾಗ ಕೊಟ್ಟ ಐದು ದಿನದ ಮಾತ್ರೆಯಿಂದ. ಫೈಲ್ 214ಕ್ಕೆ ನಾನು ಬರೆಯುವುದು ಇಷ್ಟು.

ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಕೊಡಬೇಡಿ. ಇವು ಲಿವರ್ ವಾರ್ಫರಿನ್ನನ್ನು ಕರಗಿಸುವುದನ್ನು ತಡೆಯುತ್ತವೆ. ಡೋಸು ಅದೇ ಇದ್ದರೂ ಐಎನ್‌ಆರ್ ಮೂರು ನಾಲ್ಕು ದಿನದಲ್ಲಿ ಏರತೊಡಗುತ್ತದೆ. ಡೈಕ್ಲೊಫಿನಾಕ್, ಆಸ್ಪಿರಿನ್ ಬೇಡ, ಹೊಟ್ಟೆಯಲ್ಲಿ ರಕ್ತ ಹೋಗುತ್ತದೆ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ದಿನಕ್ಕೆ 2 ಗ್ರಾಂ ದಾಟದ ಹಾಗೆ, ನಾಲ್ಕೈದು ದಿನ. ಭೇದಿಗೆ ಮೊದಲು ಓಆರ್‌ಎಸ್. ಆಂಟಿಬಯಾಟಿಕ್ ಬೇಕೇ ಬೇಕು ಅನಿಸಿದರೆ, ಯಾವುದೇ ಆಗಲಿ, ಶುರು ಮಾಡಿದ ನಾಲ್ಕನೇ ದಿನ ಐಎನ್‌ಆರ್ ಮಾಡಿಸಿ. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಬೇಡ. ಆಕೆಯೇ ‘ಒಂದು ಸೂಜಿ ಹಾಕಿ ಡಾಕ್ಟ್ರೇ’ ಅಂತ ಕೇಳುತ್ತಾರೆ. ಮಾಂಸದೊಳಗೆ ರಕ್ತ ತುಂಬಿಕೊಳ್ಳುತ್ತದೆ, ಬೇಡ ಅನ್ನಿ.

ಇದಾದ ಮೇಲೆ ಐಎನ್‌ಆರ್ ಎಷ್ಟು ಬಂದರೆ ಏನು ಮಾಡಬೇಕು ಅನ್ನುವುದು. ಇದನ್ನು ಅವರ ಹೃದಯದ ಡಾಕ್ಟರ ಜೊತೆ ಮೊದಲೇ ಮಾತಾಡಿ ಗೊತ್ತುಮಾಡಿಕೊಂಡಿದ್ದೇನೆ, ಈಕೆಗೆ ಮಾತ್ರ. ನಿಮ್ಮ ರೋಗಿಗೆ ನೀವೂ ಹಾಗೇ ಕೇಳಿ ಬರೆಯಬೇಕು. 2.5ರಿಂದ 3.5 ಇದ್ದರೆ ಅದೇ ಡೋಸು. 2ರಿಂದ 2.4 ಇದ್ದರೆ ಮೊದಲು ಮಾತ್ರೆ ತಪ್ಪಿದೆಯಾ ಕೇಳಿ. ತಪ್ಪಿಲ್ಲದಿದ್ದರೆ ವಾರದ ಮೊತ್ತ 24ರಿಂದ 26ಕ್ಕೆ ಏರಿಸಿ, ವಾರ ಬಿಟ್ಟು ಮತ್ತೆ ಪರೀಕ್ಷೆ. 3.6ರಿಂದ 4.5 ಇದ್ದರೆ 22ಕ್ಕೆ ಇಳಿಸಿ, ಮಾತ್ರೆ ನಿಲ್ಲಿಸುವುದು ಬೇಡ, ವಾರ ಬಿಟ್ಟು ಪರೀಕ್ಷೆ. 4.5 ದಾಟಿದ್ದು ರಕ್ತ ಎಲ್ಲೂ ಹೋಗುತ್ತಿಲ್ಲ ಅಂದರೆ ಆ ರಾತ್ರಿಯ ಮಾತ್ರೆ ನಿಲ್ಲಿಸಿ, ಅವತ್ತೇ ಹೃದಯದ ವಿಭಾಗಕ್ಕೆ ಫೋನ್ ಮಾಡಿ, ಮರುದಿನ ಮತ್ತೆ ಐಎನ್‌ಆರ್. 2ಕ್ಕಿಂತ ಕೆಳಗಿದ್ದರೂ ಅವತ್ತೇ ಫೋನ್. ರಕ್ತ ತೆಳುವಾದರೆ ಎಲ್ಲರಿಗೂ ಭಯ ಆಗುತ್ತದೆ, ಗಟ್ಟಿಯಾದರೆ ಆಗುವುದಿಲ್ಲ. ಆದರೆ ಲೋಹದ ಕವಾಟದ ಮೇಲೆ ಹೆಪ್ಪು ಕೂತರೆ ಅದು ಅಷ್ಟೇ ಕೆಟ್ಟದ್ದು. ಅದಕ್ಕೇ ಇನ್ನೊಂದು ಸಾಲು ಸೇರಿಸುತ್ತೇನೆ: ‘ರಕ್ತಸ್ರಾವ ಕಂಡರೆ ಗಾಬರಿಯಲ್ಲಿ ವಿಟಮಿನ್ ಕೆ 10 ಮಿ.ಗ್ರಾಂ. ಕೊಟ್ಟುಬಿಡಬೇಡಿ. ಎಷ್ಟು ಕೊಡಬೇಕು ಅಂತ ಆಸ್ಪತ್ರೆಯವರನ್ನು ಕೇಳಿ, ಕಳಿಸಿ.’

ಕೆಡುತ್ತಿರುವುದು ಹೇಗೆ ಗೊತ್ತಾಗುತ್ತದೆ? ಇದನ್ನು ಪುಸ್ತಕದ ಮಾತಿನಲ್ಲಿ ಬರೆದರೆ ಪ್ರಯೋಜನ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದು ಹೇಗೆ ಕಾಣುತ್ತದೋ ಹಾಗೆ ಬರೆಯಬೇಕು. ಬಯಲುಸೀಮೆಯಿಂದ ಬಂದ ಡಾಕ್ಟರಿಗೆ ಉಂಬಳದ ಅಭ್ಯಾಸ ಇರುವುದಿಲ್ಲ. ಉಂಬಳ ಕಚ್ಚಿದ ಜಾಗದಲ್ಲಿ ಯಾರಿಗೇ ಆಗಲಿ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಅದರ ಜೊಲ್ಲಿನಲ್ಲೇ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥ ಇದೆ. ಈ ತಾಯಿ ಅಡಿಕೆ ತೋಟಕ್ಕೆ ಹೋಗಿಬಂದರೆ ಕಾಲಲ್ಲಿ ಐದಾರು ಕಡೆ ರಕ್ತ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಬಟ್ಟೆ ಇಟ್ಟು ಹದಿನೈದು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಲು ಹೇಳಿ. ಆದರೆ ನಿನ್ನೆ ಕಚ್ಚಿದ ಜಾಗ ಇವತ್ತೂ ಸೋರುತ್ತಿದ್ದರೆ, ಅಥವಾ ಅದರ ಜೊತೆಗೆ ಹಲ್ಲುಜ್ಜುವಾಗ ರಕ್ತ, ಏಟು ಬೀಳದೆಯೇ ತೋಳಿನಲ್ಲಿ ನೀಲಿ ಕಲೆ ಇದ್ದರೆ, ಅವತ್ತೇ ಐಎನ್‌ಆರ್. ಮಲ ಕಪ್ಪಗೆ ಟಾರಿನ ಹಾಗಿದ್ದರೆ ಐಎನ್‌ಆರ್ ಬರುವವರೆಗೆ ಕಾಯದೆ ಕಳಿಸಿ.

ಕವಾಟದ ಮೇಲೆ ಹೆಪ್ಪು ಕೂರುವ ಲಕ್ಷಣವನ್ನು ಮನೆಯವರೇ ಹೇಳುತ್ತಾರೆ. ಲೋಹದ ಕವಾಟದ ಟಿಕ್ ಟಿಕ್ ಸದ್ದು ರಾತ್ರಿ ಎಲ್ಲ ಮಲಗಿದ ಮೇಲೆ ಪಕ್ಕದಲ್ಲಿರುವವರಿಗೂ ಕೇಳುತ್ತದೆ. ‘ಈಗೀಗ ಸದ್ದು ಕೇಳ್ತಾ ಇಲ್ಲ, ಮಂಕಾಗಿದೆ’ ಅಂತ ಗಂಡ ಹೇಳಿದರೆ, ಅದರ ಜೊತೆ ಗದ್ದೆಯ ಏರಿ ಹತ್ತುವಾಗ ಏದುಸಿರು ಬರುತ್ತಿದ್ದರೆ, ಕವಾಟದ ಮೇಲೆ ಹೆಪ್ಪು ಕೂತಿರಬಹುದು. ಇದು ತುರ್ತು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಹೆಪ್ಪೂ ಇರಬಹುದು, ಮಿದುಳಿನ ರಕ್ತಸ್ರಾವವೂ ಇರಬಹುದು. ಸಿಟಿ ಸ್ಕ್ಯಾನ್ ಇಲ್ಲದೆ ಹೇಳಲಾಗುವುದಿಲ್ಲ, ಸ್ಕ್ಯಾನ್ ಇರುವ ಕಡೆಗೇ ಕಳಿಸಬೇಕು.

ಊಟದ ಬಗ್ಗೆಯೂ ಒಂದು ಸಾಲು ಬರೆಯುತ್ತೇನೆ. ಮಳೆಗಾಲ ಬಂತು ಅಂದರೆ ಕೆಸುವಿನ ಸೊಪ್ಪು, ಪತ್ರೊಡೆ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಐಎನ್‌ಆರ್ ಅನ್ನು ಇಳಿಸುತ್ತದೆ. ಪತ್ರೊಡೆ ತಿನ್ನಬೇಡಿ ಅಂತ ಹೇಳುವುದಕ್ಕಿಂತ, ಒಂದು ವಾರ ದಿನಾ ತಿಂದು ಮುಂದಿನ ವಾರ ಬಿಟ್ಟುಬಿಡಬೇಡಿ, ಎಲ್ಲ ವಾರವೂ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ ಅಂತ ಹೇಳಿದರೆ ಅವರು ಕೇಳುತ್ತಾರೆ.

ಕೊನೆಗೆ ಪರೀಕ್ಷೆಯ ದಾರಿ. ನಾವು ರಕ್ತ ತೆಗೆದು ನೀಲಿ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ತುಂಬಿ, ಬೆಳಿಗ್ಗೆಯ ಬಸ್ಸಿಗೆ ಕೊಡುತ್ತೇವೆ. ಗೆರೆಗಿಂತ ಕಮ್ಮಿ ತುಂಬಿದರೆ ಐಎನ್‌ಆರ್ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತದೆ. ಸಂಜೆ ನಾಲ್ಕಕ್ಕೆ ಲ್ಯಾಬಿನವರು ಫೋನಿನಲ್ಲಿ ಹೇಳುತ್ತಾರೆ, ರಾತ್ರಿ ಮಾತ್ರೆ ನುಂಗುವ ಮೊದಲು ಮನೆಗೆ ತಿಳಿಸಬೇಕು. ಬಸ್ಸು ನಿಂತರೆ ಯಾರ ಜೀಪಿನಲ್ಲಿ ಕಳಿಸಬಹುದು ಅನ್ನುವುದೂ ಬರೆದಿದೆ.

ಎಲ್ಲರಿಗೂ ಇಷ್ಟುದ್ದ ಬೇಡ. ಮೂರ್ಛೆಗೆ ಫೆನಿಟಾಯಿನ್ ತೆಗೆದುಕೊಳ್ಳುವ ಹುಡುಗನಿಗೆ ನಾಲ್ಕು ಸಾಲು ಸಾಕು: ಡೋಸು, ಒಂದು ದಿನವೂ ತಪ್ಪಬಾರದು, ಕಂಪನಿ ಬದಲಿಸಬೇಡಿ, ತೂರಾಡುತ್ತಾ ನಡೆದರೆ ಅಥವಾ ಕಣ್ಣುಗುಡ್ಡೆ ಅದುರಿದರೆ ಔಷಧಿ ಜಾಸ್ತಿಯಾಗಿದೆ ಅಂತ ಅರ್ಥ. ದಮ್ಮಿನ ಅಜ್ಜಿಗೆ ಹಂಡೆ ಒಲೆಯ ಹೊಗೆಯಲ್ಲಿ ಕೂರುವುದು ಮಳೆಗಾಲದಲ್ಲಿ ಜಾಸ್ತಿ. ಇನ್ಹೇಲರ್ ಖಾಲಿಯಾಗಿದ್ದರೂ ಎಳೆಯುತ್ತಲೇ ಇರುತ್ತಾರೆ, ಅದರಲ್ಲಿ ಎಷ್ಟು ಡೋಸು ಉಳಿದಿದೆ ಅಂತ ಲೆಕ್ಕ ನೋಡಿ.

ಔಷಧಿಯ ಲೆಕ್ಕ

ಔಷಧಿ ಪಟ್ಟಿಯನ್ನು ಸ್ಟ್ರಿಪ್ ಎಣಿಸಿ ಬರೆಯುವುದು ವಾಡಿಕೆ. ‘ಆಮ್ಲೋಡಿಪಿನ್ 5: 70 ಸ್ಟ್ರಿಪ್’ ಅಂತ. ಹೊಸಬರಿಗೆ ಇದರಿಂದ ಏನೂ ತಿಳಿಯುವುದಿಲ್ಲ. 70 ಜಾಸ್ತಿಯೋ ಕಮ್ಮಿಯೋ? ಹಾಗಾಗಿ ಎಷ್ಟು ದಿನಕ್ಕೆ ಬರುತ್ತದೆ ಅಂತ ಬರೆಯಿರಿ. ನನ್ನಲ್ಲಿ ಮೂರು ವಾರದಲ್ಲಿ ಸುಮಾರು 40 ಜನ ಆಮ್ಲೋಡಿಪಿನ್ ಒಯ್ಯುತ್ತಾರೆ, ಒಬ್ಬೊಬ್ಬರು ತಿಂಗಳಿಗೆ 30 ಮಾತ್ರೆ. ಅಂದರೆ 1,200 ಮಾತ್ರೆ ಬೇಕು. 70 ಸ್ಟ್ರಿಪ್ ಅಂದರೆ 700. ಎರಡನೇ ವಾರ ಮುಗಿಯುವ ಮೊದಲೇ ಖಾಲಿ. ಜೂನ್‌ನಲ್ಲಿ ಇನ್ನೂ ಬೇಗ ಖಾಲಿ ಆಗುತ್ತದೆ. ನದಿಯ ಆಚೆಯವರು ‘ಮಳೆ ಜೋರಾದ್ರೆ ಬರೋಕಾಗಲ್ಲ’ ಅಂತ ಎರಡು ತಿಂಗಳದ್ದು ಒಟ್ಟಿಗೆ ಕೇಳುತ್ತಾರೆ, ಕೊಡಲೇಬೇಕು. ಹಾಗಾಗಿ ಮಳೆಗಾಲದ ರಜೆಗೆ ಈ ಲೆಕ್ಕದ ಒಂದೂವರೆ ಪಟ್ಟು ತರಿಸಿಟ್ಟು ಹೊರಡುತ್ತೇನೆ. ಪಟ್ಟಿಯಲ್ಲಿ ಒಂದೊಂದು ಔಷಧಿಯ ಮುಂದೆ ‘ಇಷ್ಟಕ್ಕೆ ಇಳಿದರೆ ಆರ್ಡರ್ ಹಾಕಿ’ ಅನ್ನುವ ಅಂಕಿ ಇರುತ್ತದೆ. ಆರ್ಡರ್ ಹಾಕಿದ ಮೇಲೆ ಔಷಧಿ ಬರುವುದಕ್ಕೆ ಮಳೆಯಲ್ಲಿ ನಾಲ್ಕು ದಿನ ಆಗಬಹುದು. ಆ ನಾಲ್ಕು ದಿನದ ಖರ್ಚಿನ ಎರಡರಷ್ಟನ್ನು ಆ ಅಂಕಿ ಅಂತ ಇಟ್ಟುಕೊಂಡಿದ್ದೇನೆ.

ಒಂದು ಔಷಧಿ ಸಿಗದಿದ್ದರೆ ಬದಲಿಗೆ ಏನು ಕೊಡಬಹುದು, ಯಾವುದಕ್ಕೆ ಬದಲಿ ಇಲ್ಲ ಅನ್ನುವುದನ್ನೂ ಬರೆಯಬೇಕು. ವಾರ್ಫರಿನ್ ಇಲ್ಲದಾಗ ಮೆಡಿಕಲ್ ಶಾಪಿನವರು ಅಸಿನೊಕೂಮರಾಲ್ ಕೊಟ್ಟು ಕಳಿಸಿದ್ದನ್ನು ನಾನು ಕಂಡಿದ್ದೇನೆ. ಎರಡೂ ಅದೇ ಕೆಲಸದ ಔಷಧಿ, ಆದರೆ ಮಿಲಿಗ್ರಾಂ ಲೆಕ್ಕ ಒಂದೇ ಅಲ್ಲ. 3ಕ್ಕೆ 3 ಕೊಟ್ಟರೆ ರಕ್ತ ವಿಪರೀತ ತೆಳುವಾಗುತ್ತದೆ.

ಇನ್ಸುಲಿನ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯಿರಿ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಫ್ರೀಜರಿಗೆ ತಾಗಿದರೆ ಹಾಳು. ನಮ್ಮಲ್ಲಿ ಜೂನ್‌ನಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲದೇ ಇರುವುದು ಹೊಸದಲ್ಲ. ಫ್ರಿಜ್ಜಿನ ಬಾಗಿಲು ತೆಗೆಯಬೇಡಿ. ದಿನ ದಾಟಿದರೆ ಐಸ್ ಪ್ಯಾಕಿನ ಡಬ್ಬಿಗೆ ಹಾಕಿ, ಇನ್ಸುಲಿನ್‌ಗೂ ಐಸಿಗೂ ನಡುವೆ ಬಟ್ಟೆ ಇರಲಿ. ಒಡೆದು ಬಳಸುತ್ತಿರುವ ಶೀಶೆ ಮಳೆಗಾಲದ ತಂಪಿನಲ್ಲಿ ಹೊರಗಿದ್ದರೂ ನಾಲ್ಕು ವಾರ ಬರುತ್ತದೆ. ಅದಕ್ಕೆ ಹೆದರಿ ಎಸೆಯುವುದು ಬೇಡ.

ಅದಕ್ಕಿಂತ ಮುಖ್ಯವಾದದ್ದು ಸಿರಿಂಜು. ನಮ್ಮ ಶೀಶೆಗಳೆಲ್ಲ ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಪೆನ್ನಿನಲ್ಲಿ ಬರುವುದು ಮಿ.ಲೀ.ಗೆ 100, ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣ. 40ರ ಶೀಶೆಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾಮುರುಗಾ ಆದರೆ 20 ಕೊಡುವಲ್ಲಿ 50 ಹೋಗುತ್ತದೆ. ಒಬ್ಬಂಟಿಯಾಗಿ ಮಲಗುವ ಮುದುಕನಿಗೆ ರಾತ್ರಿ ಅಷ್ಟು ಹೋದರೆ ಬೆಳಿಗ್ಗೆ ಎಚ್ಚರ ಆಗುವುದಿಲ್ಲ. ಹಾಗಾಗಿ ನಾನು ಕಿತ್ತಳೆ ಮುಚ್ಚಳದ್ದನ್ನು ತರಿಸುವುದೇ ಇಲ್ಲ, ಚೀಟಿಯಲ್ಲೂ ಹಾಗೇ ಬರೆದಿದ್ದೇನೆ: ‘ಬೇರೆ ಕಡೆಯಿಂದ ಸಿರಿಂಜು ತಂದಿದ್ದರೆ ಮುಚ್ಚಳದ ಬಣ್ಣ ನೋಡಿ.’

ತುರ್ತು ತಟ್ಟೆಯನ್ನು ಇಬ್ಬರೂ ಒಟ್ಟಿಗೆ ನೋಡಿ. ಅಡ್ರಿನಲಿನ್ ಎಷ್ಟು ಆಂಪ್ಯೂಲ್ ಇದೆ, ಯಾವಾಗ ಎಕ್ಸ್‌ಪೈರಿ, ಆಕ್ಸಿಜನ್ ಸಿಲಿಂಡರ್‌ನ ಸ್ಪ್ಯಾನರ್ ಎಲ್ಲಿದೆ. ಸ್ಪ್ಯಾನರ್ ಸಿಗದೆ ತುಂಬಿದ ಸಿಲಿಂಡರ್ ಪಕ್ಕದಲ್ಲೇ ಇದ್ದೂ ಉಪಯೋಗಕ್ಕೆ ಬಾರದ ದಿನವನ್ನು ನಾನು ನೋಡಿದ್ದೇನೆ. ಟ್ರಮಡಾಲ್, ಡಯಾಜೆಪಾಮ್ ಬೀಗದಲ್ಲಿವೆ. ಎಣಿಸಿ, ಇಬ್ಬರೂ ಸಹಿ ಹಾಕಿ, ಕೀ ಕೈಗೇ ಕೊಡಿ.

ಪಟ್ಟಿಯ ಕೊನೆಗೆ, ದಪ್ಪ ಅಕ್ಷರದಲ್ಲಿ, ನಮ್ಮಲ್ಲಿ ಏನು ಇಲ್ಲ ಅನ್ನುವುದು ಇರಲಿ. ಹೊಸಬರು ‘ಇರಬಹುದು’ ಅಂತ ಹುಡುಕುತ್ತಾ ಕಳೆಯುವ ಹತ್ತು ನಿಮಿಷವೇ ದುಬಾರಿ. ನನ್ನ ಪಟ್ಟಿಯಲ್ಲಿ ಮೊದಲಿರುವುದು ಹಾವಿನ ವಿಷದ ಔಷಧಿ, ಎಎಸ್‌ವಿ. ನಮ್ಮಲ್ಲಿ ಇಲ್ಲ. ಅದನ್ನು ಎಲ್ಲಿ ಇಟ್ಟಿದ್ದಾರೆ, ಇವತ್ತಿಗೆ ಎಷ್ಟು ವಯಲ್ ಇದೆ ಅಂತ ಹೊರಡುವ ದಿನವೇ ಫೋನ್ ಮಾಡಿ ಕೇಳಿ ಬರೆಯುತ್ತೇನೆ. ಮೊದಲ ಡೋಸಿಗೇ 10 ವಯಲ್ ಬೇಕಾಗುತ್ತದೆ. ‘ಇದೆ’ ಅಂದರೆ ಸಾಲದು, ಎಷ್ಟಿದೆ ಅಂತ ಕೇಳಬೇಕು.

ಫೋನ್ ನಂಬರ್ ಮತ್ತು ದಾರಿ

ನಂಬರ್ ಬರೆದರೆ ಕೆಲಸ ಮುಗಿಯುವುದಿಲ್ಲ. ಆ ನಂಬರಿಗೆ ಯಾವ ಹೊತ್ತಿನಲ್ಲಿ ಯಾರು ಎತ್ತುತ್ತಾರೆ, ಎತ್ತದಿದ್ದರೆ ಮುಂದೇನು ಅನ್ನುವುದು ಬೇಕು. ಡಾಕ್ಟರ ಸ್ವಂತ ಮೊಬೈಲಿಗಿಂತ ವಾರ್ಡಿನ, ಕ್ಯಾಶುವಾಲ್ಟಿಯ ನಂಬರ್ ಒಳ್ಳೆಯದು. ಡಾಕ್ಟರಿಗೂ ರಜೆ ಇರುತ್ತದೆ, ಕ್ಯಾಶುವಾಲ್ಟಿಗೆ ಇರುವುದಿಲ್ಲ. ರಜೆಗೆ ಎರಡು ದಿನ ಮೊದಲು ಒಂದೊಂದೂ ನಂಬರಿಗೆ ಫೋನ್ ಮಾಡಿ ನೋಡಿ. ನಾನು ಹಾಗೆ ಮಾಡಿದಾಗೆಲ್ಲ ಒಂದಲ್ಲ ಒಂದು ನಂಬರ್ ಬದಲಾಗಿರುತ್ತದೆ. ಪಟ್ಟಿ ಕಾಗದದಲ್ಲೇ ಇರಲಿ, ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿದ್ದರೆ ಕರೆಂಟ್ ಹೋದ ಮಾರನೇ ದಿನ ಅದೂ ಇಲ್ಲ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಮೇಲಿನ ತಿರುವಿನಲ್ಲಿ. ಇದನ್ನು ಬರೆಯಲೇಬೇಕು. ಹೊಸಬರು 108ಕ್ಕೆ ಕ್ಲಿನಿಕ್ಕಿನೊಳಗೆ ನಿಂತು ಹತ್ತು ಸಲ ಒತ್ತುತ್ತಾರೆ. ಸಿಸ್ಟರನ್ನು ತಿರುವಿಗೆ ಓಡಿಸಿದರೆ ಮೊದಲ ಸಲಕ್ಕೇ ಸಿಗುತ್ತದೆ. ಆಂಬ್ಯುಲೆನ್ಸ್ ಬರುವುದು ತಡ ಅನಿಸಿದರೆ ಯಾರ ಜೀಪು ಕೇಳಬಹುದು ಅಂತ ಎರಡು ಮನೆ ಗುರುತು ಹಾಕಿದ್ದೇನೆ.

ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದನ್ನು ದಾರಿಯ ಪ್ರಕಾರ ಬರೆಯಿರಿ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿ.ಮೀ. ಆಗುಂಬೆ ಘಾಟಿ ಇಳಿದರೆ ಮಣಿಪಾಲ. ಹೃದಯದ್ದಕ್ಕೆ ನಮ್ಮ ಕಡೆಯವರು ಮಣಿಪಾಲ ಅನ್ನುವುದು ರೂಢಿ. ಆದರೆ ಜೂನ್, ಜುಲೈಯಲ್ಲಿ ಘಾಟಿಯಲ್ಲಿ ಮಣ್ಣು ಜರಿದರೆ ವಾಹನ ಅರ್ಧದಲ್ಲಿ ನಿಲ್ಲುತ್ತದೆ. ಹಾಗಾಗಿ ಚೀಟಿಯಲ್ಲಿ ಹೀಗಿದೆ: ‘ಫೈಲ್ 214ರವರ ಆಪರೇಶನ್ ಆಗಿದ್ದು ಘಾಟಿಯ ಕೆಳಗೆ. ಮೊದಲು ಆಗುಂಬೆ ಕಡೆಯವರಿಗೆ ಫೋನ್ ಮಾಡಿ, ದಾರಿ ತೆರೆದಿದೆಯಾ ಕೇಳಿ. ಗೊತ್ತಾಗದಿದ್ದರೆ ಅಥವಾ ರಾತ್ರಿಯಾಗಿದ್ದರೆ ಶಿವಮೊಗ್ಗಕ್ಕೇ ಕಳಿಸಿ. ಆಪರೇಶನ್ ಚೀಟಿ ಮತ್ತು ಐಎನ್‌ಆರ್ ಪುಸ್ತಕ ಮನೆಯ ದೇವರ ಕೋಣೆಯ ಪೆಟ್ಟಿಗೆಯಲ್ಲಿದೆ, ತರಲು ಹೇಳಿ.’

ದುಡ್ಡಿನ ದಾರಿಯೂ ಬೇಕು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ನನ್ನ ಕ್ಲಿನಿಕ್ಕಿನ ಚೀಟಿ ನಡೆಯುವುದಿಲ್ಲ. ತಾಲೂಕು ಆಸ್ಪತ್ರೆಯ ಮೂಲಕವೇ ಕಳಿಸಬೇಕು. ತುರ್ತು ಇದ್ದರೆ ಅದು ಬೇಡ, ನೇರ ಹೋಗಬಹುದು. ಇದು ಗೊತ್ತಿಲ್ಲದೆ ಕಳಿಸಿದರೆ ಬಡವರು ಘಾಟಿ ಇಳಿದು, ಕೌಂಟರಿನಲ್ಲಿ ನಿಂತು, ವಾಪಸ್ ಹತ್ತಿ ಬರುತ್ತಾರೆ.

ಕಾಲಕ್ಕೆ ತಕ್ಕ ಒಂದು ಪ್ಯಾರಾ ಬೇರೆಯೇ ಇರಲಿ. ಜೂನ್ ಚೀಟಿಯಲ್ಲಿ ನನ್ನದು ಇಲಿಜ್ವರದ್ದು. ನೆಟ್ಟಿ ಕಾಲದಲ್ಲಿ ಗದ್ದೆಯ ಕೆಸರಲ್ಲಿ ನಿಂತವರಿಗೆ ಜ್ವರ, ಮೀನಖಂಡದಲ್ಲಿ ಮುಟ್ಟಿದರೆ ನೋವು, ಕಣ್ಣು ಕೆಂಪು ಇದ್ದರೆ ಅದನ್ನು ನೆನೆಯಿರಿ. ಮೂತ್ರ ಕಮ್ಮಿಯಾದರೆ, ಕಣ್ಣು ಹಳದಿಯಾದರೆ ಇಟ್ಟುಕೊಳ್ಳಬೇಡಿ. ಜನವರಿಯಲ್ಲಿ ರಜೆ ಹಾಕಿದರೆ ಆ ಜಾಗದಲ್ಲಿ ಮಂಗನ ಕಾಯಿಲೆ ಬರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದ್ದು, ಇವತ್ತಿಗೂ ನಮ್ಮ ಜಿಲ್ಲೆ ಬಿಟ್ಟಿಲ್ಲ. ಆ ಜ್ವರಕ್ಕೂ ಡೈಕ್ಲೊಫಿನಾಕ್, ಆಸ್ಪಿರಿನ್ ಬೇಡ, ರಕ್ತಸ್ರಾವ ಆಗುವ ಕಾಯಿಲೆ ಅದು.

ಕೈಗೆ ಕೊಡುವ ದಿನ

ಬದಲಿ ಡಾಕ್ಟರ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿಯ ಪ್ರತಿ ಮೊದಲೇ ತರಿಸಿಟ್ಟುಕೊಳ್ಳಿ. ಅವರು ಹಿಂದಿನ ದಿನ ಬರಲಿ, ಅರ್ಧ ದಿನ ಜೊತೆಗೆ ಕೂರಲಿ. ಚೀಟಿಯನ್ನು ಅವರ ಕೈಗೆ ಕೊಟ್ಟು ಸುಮ್ಮನಿರಬೇಡಿ. ಹನ್ನೆರಡು ಜನರ ಬಗ್ಗೆ ಅವರೇ ತಿರುಗಿ ಹೇಳಲಿ. ‘214ಕ್ಕೆ ಭೇದಿ ಆದರೆ ಏನು ಮಾಡುತ್ತೀರಿ?’ ಅಂತ ನಾನು ಕೇಳುತ್ತೇನೆ. ಇದನ್ನು ಪರೀಕ್ಷೆ ಅಂತ ತಿಳಿಯಬೇಡಿ, ನನ್ನ ಬರಹ ಅರ್ಥ ಆಗುವ ಹಾಗಿದೆಯಾ ಅಂತ ನೋಡುವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಒಬ್ಬರು ನನ್ನ ಕೈಬರಹದ ‘1’ ಅನ್ನು ‘7’ ಅಂತ ಓದಿದ್ದರು. ಆಮೇಲೆ ಅಂಕಿಗಳನ್ನೆಲ್ಲ ಟೈಪ್ ಮಾಡಿಸುತ್ತೇನೆ.

ಚೀಟಿಯ ಇನ್ನೊಂದು ಪ್ರತಿ ಸಿಸ್ಟರ ಹತ್ತಿರ ಇರಲಿ. ಅವರಿಗೆ ಮುಖ ಗೊತ್ತು, ಫೈಲ್ ನಂಬರ್ ಹೊಸ ಡಾಕ್ಟರಿಗೆ ಗೊತ್ತು. ಫೈಲ್ 214ರವರು ಬಾಗಿಲಿಗೆ ಬಂದ ಕೂಡಲೇ ಸಿಸ್ಟರ್ ಆ ಹಾಳೆ ತೆಗೆದು ಮೇಜಿನ ಮೇಲಿಡಬೇಕು. ಅದರ ಜೊತೆಗೆ ಆಕೆಯ ಕೈಗೂ ಒಂದು ಸಣ್ಣ ಕಾರ್ಡ್ ಕೊಟ್ಟಿದ್ದೇನೆ. ‘ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೇನೆ, ಯಾವ ಔಷಧಿ ಕೊಡುವ ಮೊದಲೂ ಇದನ್ನು ನೋಡಿ’ ಅಂತ ಬರೆದಿದೆ. ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ, ಅದನ್ನು ಎಂದೂ ಮರೆತು ಬರುವುದಿಲ್ಲ.

ಕೊನೆಯ ಹಾಳೆಯನ್ನು ಖಾಲಿ ಬಿಡಿ. ಅದು ಬದಲಿ ಡಾಕ್ಟರ್ ನಿಮಗೆ ಬರೆಯುವುದಕ್ಕೆ. ನಾಲ್ಕು ಗೆರೆ ಎಳೆದಿಡಿ: ಯಾವ ಫೈಲ್, ಯಾವ ದಿನ, ಏನು ಬದಲಿಸಿದೆ, ಯಾಕೆ. ಕಳೆದ ಸಲ ನಾನು ಜುಲೈ 8ರ ಬೆಳಿಗ್ಗೆ ಬಂದು ಆ ಹಾಳೆ ತೆರೆದಾಗ 214ರ ಮುಂದೆ ಹೀಗಿತ್ತು: ‘ಜುಲೈ 1, ಐಎನ್‌ಆರ್ 2.3. ಮಾತ್ರೆ ತಪ್ಪಿಲ್ಲ. ವಾರದಲ್ಲಿ ನಾಲ್ಕು ದಿನ ಪತ್ರೊಡೆ ತಿಂದಿದ್ದಾರೆ. ನೀವು ಬರೆದ ಹಾಗೆ 26ಕ್ಕೆ ಏರಿಸಿದೆ. ಜುಲೈ 8ಕ್ಕೆ ಮತ್ತೆ ಪರೀಕ್ಷೆ, ಟ್ಯೂಬು ತೆಗೆದಿಟ್ಟಿದ್ದೇನೆ.’ ಒಂಬತ್ತು ಗಂಟೆಗೆ ಆಕೆ ಬಂದರು. ಟ್ಯೂಬು ಗೆರೆಯವರೆಗೆ ತುಂಬಿ ಬಸ್ಸಿಗೆ ಕೊಟ್ಟೆವು.